ಫ್ಯೂ ಮುಂದೆ ಒಂದು ‘ಎ’ ಬಿಟ್ಟೋದ್ರೆ ಅರ್ಥ ಎಲ್ಲಿಗೆ ಹೋಗತ್ತೆ

ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಹೊರದೇಶದ ಕ್ಲೈಂಟ್‌ಗೆ ಮೊದಲನೇ ಸಲ ನಾನೇ ಮೇಲ್ ಬರೆದೆ. ‘ಐ ಹ್ಯಾವ್ ಫ್ಯೂ ಕ್ವೆಶ್ಚನ್ಸ್ ಅಬೌಟ್ ದಿ ಡಿಸೈನ್’ ಅಂತ ಒಂದೇ ಲೈನು. ಅವರು ಸರಿ ಕೇಳಪ್ಪಾ ಅಂದ್ಮೇಲೆ ಏಳು ಪ್ರಶ್ನೆ ಇರೋ ಪಟ್ಟಿ ಕಳಿಸೋಣ ಅಂತ ರೆಡಿ ಮಾಡಿಟ್ಕೊಂಡು ಕೂತಿದ್ದೆ. ಮಾರನೇ ದಿನ ಉತ್ತರ ಬಂತು, ತುಂಬಾ ಸಂತೋಷ, ಎಲ್ಲ ಕ್ಲಿಯರ್ ಆಗಿದೆ ಅಂತಾಯ್ತು, ಹಾಗಾದ್ರೆ ಕೆಲಸ ಶುರು ಮಾಡಿ ಅಂತ. ನಾನು ಇದೇನಪ್ಪ ನನ್ ಪ್ರಶ್ನೆ ಕೇಳಿಸ್ಕೊಳ್ಳಲೇ ಇಲ್ವಲ್ಲ ಅಂತ ಪಕ್ಕದ ಸೀಟಿನ ಸೀನಿಯರ್‌ಗೆ ತೋರಿಸ್ದೆ, ಅವರು ಓದಿ ನಗಾಡಿದ್ರು. ‘ನೀನೇ ಬರ್ದಿದೀಯಲ್ಲೋ, ಕೇಳೋಕೆ ಅಂಥದ್ದೇನೂ ಇಲ್ಲ ಅಂತ’ ಅಂದ್ರು.

ಬಿಟ್ಟೋಗಿದ್ದು ಒಂದೇ ಅಕ್ಷರ. ‘ಎ ಫ್ಯೂ ಕ್ವೆಶ್ಚನ್ಸ್’ ಅಂದಿದ್ರೆ ಒಂದಷ್ಟು ಪ್ರಶ್ನೆ ಇವೆ ಅಂತ. ಬರೀ ‘ಫ್ಯೂ ಕ್ವೆಶ್ಚನ್ಸ್’ ಅಂದ್ರೆ ಪ್ರಶ್ನೆ ಇಲ್ಲ ಅನ್ನೋ ಅಷ್ಟು ಕಮ್ಮಿ ಅಂತ. ಸ್ಕೂಲಲ್ಲಿ ಇದನ್ನ ಓದಿರ್ತೀವಿ, ಖಾಲಿ ಜಾಗ ತುಂಬಿ ಮಾರ್ಕ್ಸೂ ತಗೊಂಡಿರ್ತೀವಿ, ಆದ್ರೆ ಬರೆಯುವಾಗ ಕೈ ಅದನ್ನ ಬಿಟ್ಟೇ ಬಿಡತ್ತೆ. ಯಾಕೆ ಅಂತ ನೋಡಿದ್ರೆ ತಪ್ಪು ದಡ್ಡತನದ್ದಲ್ಲ, ನಮ್ಮ ಕನ್ನಡದ ಅಭ್ಯಾಸದ್ದು.

ನಮ್ಮಲ್ಲಿ ‘ಸ್ವಲ್ಪ’ ಒಂದು ಪದ ಇದ್ರೆ ಸಾಕು. ಸ್ವಲ್ಪ ಜನ ಬಂದಿದ್ರು, ಸ್ವಲ್ಪ ನೀರು ಕೊಡಿ, ಸ್ವಲ್ಪ ತಲೆನೋವು, ಎಲ್ಲಕ್ಕೂ ಅದೇ. ಎಣಿಸೋದಕ್ಕೂ ಅದೇ, ಅಳೆಯೋದಕ್ಕೂ ಅದೇ. ‘ಎಷ್ಟು’ ಕೂಡ ಹಾಗೇ, ಎಷ್ಟು ಇಡ್ಲಿ, ಎಷ್ಟು ಸಾಂಬಾರ್, ಎಷ್ಟು ದುಡ್ಡು. ಇಂಗ್ಲಿಷ್ ಇಲ್ಲಿ ನಮ್ಮನ್ನ ಎರಡು ಸಲ ನಿಲ್ಲಿಸಿ ಕೇಳತ್ತೆ. ಒಂದು, ಇದನ್ನ ಎಣಿಸೋಕಾಗತ್ತಾ? ಎರಡು, ನಿನ್ ಪ್ರಕಾರ ಇದು ಇದೆಯಾ, ಇಲ್ಲವಾ? ಈ ಎರಡು ಪ್ರಶ್ನೆನ ಇದೇ ಆರ್ಡರಲ್ಲಿ ಕೇಳ್ಕೊಂಡ್ರೆ ಮೆನಿ, ಫ್ಯೂ, ಎ ಫ್ಯೂ, ಮಚ್, ಲಿಟಲ್, ಎ ಲಿಟಲ್ ಅನ್ನೋ ಆರೂ ಪದ ತಮ್ಮ ತಮ್ಮ ಜಾಗದಲ್ಲಿ ಕೂರ್ತವೆ.

ಮೊದಲನೇ ಸ್ಟೆಪ್ ಎಣಿಕೆ. ಪದದ ಮುಂದೆ ‘ಎರಡು’ ಅಂತ ಇಟ್ಟು ನೋಡಿ. ಟೂ ಇಡ್ಲೀಸ್, ಸರಿ ಇದೆ. ಟೂ ಸಾಂಬಾರ್? ಆಗಲ್ಲ, ಎರಡು ಬಟ್ಟಲು ಸಾಂಬಾರ್ ಅನ್ಬೇಕು. ಎರಡು ಅಂತ ನೇರವಾಗಿ ಕೂತ್ರೆ ಮೆನಿ, ಫ್ಯೂ, ಎ ಫ್ಯೂ. ಕೂರದೆ ಮಧ್ಯೆ ಬಟ್ಟಲೋ ಲೋಟನೋ ಕೇಜಿನೋ ಬೇಕಾದ್ರೆ ಮಚ್, ಲಿಟಲ್, ಎ ಲಿಟಲ್. ‘ಹೌ ಮೆನಿ ಇಡ್ಲೀಸ್?’ ‘ಹೌ ಮಚ್ ಸಾಂಬಾರ್?’ ಇಷ್ಟೇ ರೂಲು. ಇನ್ನೊಂದ್ ವಿಷಯ, ಎಣಿಸೋ ಗುಂಪಿನವಕ್ಕೆ ಹಿಂದೆ ಬರೋ ಪದ ಯಾವಾಗ್ಲೂ ಬಹುವಚನ, ‘ಎ ಫ್ಯೂ ಡೇ’ ಅಲ್ಲ ‘ಎ ಫ್ಯೂ ಡೇಸ್’. ಎಣಿಸದ ಗುಂಪಿಗೆ ‘ಎಸ್’ ಸೇರಲ್ಲ.

ಇದು ಕೈಕೊಡೋದು ಕೆಲವು ಪದಗಳಲ್ಲಿ ಮಾತ್ರ, ಅವೂ ನಮ್ಮ ದಿನದ ಪದಗಳೇ. ದುಡ್ಡು ಎಣಿಸ್ತೀವಿ, ಬೆಳಗ್ಗೆ ಎದ್ರೆ ಎಣಿಸೋದೇ ಕೆಲಸ, ಆದ್ರೂ ಇಂಗ್ಲಿಷಿಗೆ ಮನಿ ಎಣಿಸೋ ವಸ್ತು ಅಲ್ಲ, ಯಾಕಂದ್ರೆ ನಾವು ಎಣಿಸೋದು ರೂಪಾಯಿನ, ಮನಿನಲ್ಲ. ಟೂ ಮನೀಸ್ ಅಂತ ಯಾರೂ ಅನ್ನಲ್ಲ. ಅದಕ್ಕೇ ‘ಹೌ ಮಚ್ ಮನಿ’, ಆದ್ರೆ ‘ಹೌ ಮೆನಿ ರುಪೀಸ್’. ಟೈಮೂ ಹಾಗೇ, ‘ಹೌ ಮಚ್ ಟೈಮ್’ ಅಂದ್ರೆ ಎಷ್ಟು ಹೊತ್ತು, ‘ಹೌ ಮೆನಿ ಟೈಮ್ಸ್’ ಅಂದ್ರೆ ಎಷ್ಟು ಸಲ, ಎರಡೂ ಸರಿ ಆದ್ರೆ ಬೇರೆ ಬೇರೆ ಮಾತು. ಕಾಫಿ ವಿಷಯ ಇನ್ನೂ ಮಜಾ. ಡಿಕಾಕ್ಷನ್ ಪಾತ್ರೆಲಿ ಇರೋವರೆಗೂ ಅದು ಮಚ್, ದರ್ಶಿನಿ ಕೌಂಟರಲ್ಲಿ ಲೋಟಕ್ಕೆ ಬಿದ್ದ ತಕ್ಷಣ ‘ಟೂ ಕಾಫೀಸ್’ ಆಗತ್ತೆ, ಅಂದ್ರೆ ಎರಡು ಲೋಟ, ಆಗ ‘ಹೌ ಮೆನಿ ಕಾಫೀಸ್’ ಅಂತ ಕೇಳಿದ್ರೆ ತಪ್ಪೇನಿಲ್ಲ. ಬೈಟು ಹೇಳಿದ್ರೆ ಒಂದು ಕಾಫಿನಾ ಎರಡಾ ಅಂತ ನನ್ನ ಕೇಳ್ಬೇಡಿ.

ಬೆಂಗಳೂರಲ್ಲಿ ದಿನಾ ಕಿವಿಗೆ ಬೀಳೋ ತಪ್ಪುಗಳು ಲಗೇಜಸ್, ಫರ್ನಿಚರ್ಸ್, ಫೀಡ್‌ಬ್ಯಾಕ್ಸ್, ಇನ್‌ಫರ್ಮೇಷನ್ಸ್, ಅಡ್ವೈಸಸ್. ಇವು ಯಾವುವೂ ಇಂಗ್ಲಿಷಲ್ಲಿ ಎಣಿಸೋ ಪದ ಅಲ್ಲ. ಮೂರು ಬ್ಯಾಗ್ ಇದ್ರೂ ಅದು ‘ಮಚ್ ಲಗೇಜ್’ ಕಡೆಯದೇ, ಎಣಿಸಲೇಬೇಕು ಅಂದ್ರೆ ‘ತ್ರೀ ಬ್ಯಾಗ್ಸ್’ ಅನ್ನಿ. ಇದಕ್ಕೆ ಉಲ್ಟಾ ‘ಪೀಪಲ್’. ಹಿಂದೆ ‘ಎಸ್’ ಕಾಣಲ್ಲ, ಹಾಗಾಗಿ ಮಚ್ ಪೀಪಲ್ ಅಂದುಬಿಡ್ತೀವಿ, ಆದ್ರೆ ಟೂ ಪೀಪಲ್ ಅನ್ಬಹುದಲ್ಲ, ಅದಕ್ಕೇ ಮೆನಿ ಪೀಪಲ್.

ಎರಡನೇ ಸ್ಟೆಪ್ಪಿಗೆ ಬರೋಣ, ನಂಗೆ ನಿಜವಾಗ್ಲೂ ಹೇಳ್ಬೇಕಾಗಿರೋದು ಇದನ್ನ. ಫ್ಯೂ ಎಷ್ಟು, ಎ ಫ್ಯೂ ಎಷ್ಟು ಅಂತ ಸಂಖ್ಯೆ ಹುಡುಕಬೇಡಿ. ನಮ್ಮ ಟ್ಯೂಷನ್ ಮೇಷ್ಟ್ರು ಫ್ಯೂ ಅಂದ್ರೆ ಎರಡು, ಎ ಫ್ಯೂ ಅಂದ್ರೆ ನಾಲ್ಕು ಅಂತ ಬರೆಸಿದ್ರು, ಪಾಪ ನಾವೂ ನಂಬಿದ್ವಿ. ಹಂಗೆ ಯಾವ ಲೆಕ್ಕನೂ ಇಲ್ಲ. ಅಷ್ಟೇ ವಸ್ತು ಮುಂದಿದ್ರೂ ಒಬ್ರು ಎ ಫ್ಯೂ ಅನ್ಬಹುದು ಇನ್ನೊಬ್ರು ಫ್ಯೂ ಅನ್ಬಹುದು, ಇಬ್ರೂ ಸುಳ್ಳು ಹೇಳ್ತಿಲ್ಲ.

ನಮ್ಮ ಬಿಲ್ಡಿಂಗ್‌ದೇ ಹೇಳ್ತೀನಿ. ಏಪ್ರಿಲ್ ತಿಂಗಳು, ಬೋರು ಕೈಕೊಟ್ಟಿತ್ತು, ಸಂಪಿನ ಮುಚ್ಚಳ ತೆಗೆದು ಕೋಲು ಬಿಟ್ಟು ನೋಡಿದ್ರೆ ಒಂದಡಿ ನೀರು. ಮೇಲಿನ ಮನೆ ಆಂಟಿ ಬಗ್ಗಿ ನೋಡಿ ‘ಸ್ವಲ್ಪ ಇದೆ ಬಿಡಿ, ಇವತ್ತಿಗಾಗತ್ತೆ’ ಅಂದ್ರು. ಕೆಳಗಿನ ಮನೆ ಅಂಕಲ್ ಅದೇ ಕೋಲು ನೋಡಿ ‘ಸ್ವಲ್ಪನೇ ಇರೋದು, ಟ್ಯಾಂಕರ್‌ಗೆ ಹೇಳ್ಬಿಡಿ’ ಅಂದ್ರು. ನೀರು ಅದೇ ಒಂದಡಿ. ಆಂಟಿ ಮಾತು ಇಂಗ್ಲಿಷಲ್ಲಿ ‘ದೇರ್ ಈಸ್ ಎ ಲಿಟಲ್ ವಾಟರ್’. ಅಂಕಲ್ ಮಾತು ‘ದೇರ್ ಈಸ್ ಲಿಟಲ್ ವಾಟರ್’. ಆಂಟಿ ಇರೋದನ್ನ ನೋಡಿದ್ರು, ಅಂಕಲ್ ಇಲ್ಲದ್ದನ್ನ ನೋಡಿದ್ರು.

ಇಲ್ಲೇ ನಮಗೆ ಬೇಕಾದ ಕೀಲಿಕೈ ಸಿಗೋದು. ಆ ಅಂಕಲ್ ಮಾತಲ್ಲಿ ಇರೋ ‘ನೇ’ ಗಮನಿಸಿದ್ರಾ? ಸ್ವಲ್ಪ ಇದೆ, ಸ್ವಲ್ಪನೇ ಇರೋದು. ನಾವು ‘ನೇ’ ಸೇರಿಸಿ ಏನು ಹೇಳ್ತೀವೋ ಇಂಗ್ಲಿಷಿನವರು ‘ಎ’ ಕಿತ್ತು ಅದನ್ನ ಹೇಳ್ತಾರೆ. ನಾವು ಸೇರಿಸ್ತೀವಿ, ಅವರು ತೆಗೀತಾರೆ, ಗಂಟು ಬಿದ್ದಿರೋದು ಇಲ್ಲಿ. ಕನ್ನಡದಲ್ಲಿ ಏನೂ ಸೇರಿಸದ ಬರೀ ‘ಸ್ವಲ್ಪ’ ಅಂದ್ರೆ ಇದೆ ಅಂತ ಅರ್ಥ, ಹಾಗಾಗಿ ಇಂಗ್ಲಿಷಲ್ಲೂ ಏನೂ ಸೇರಿಸದ ಬರೀ ಫ್ಯೂ, ಬರೀ ಲಿಟಲ್ ಹಾಕಿದ್ರೆ ಇದೆ ಅಂತಾಗತ್ತೆ ಅಂದ್ಕೋತೀವಿ. ಆಗೋದು ಸರಿಯಾಗಿ ಉಲ್ಟಾ.

ಅದಕ್ಕೆ ಬರೆಯೋಕೆ ಮುಂಚೆ ಆ ವಾಕ್ಯನ ಮನಸ್ಸಲ್ಲಿ ಕನ್ನಡದಲ್ಲಿ ಹೇಳ್ಕೊಳ್ಳಿ. ‘ನೇ’ ಬಂದ್ರೆ ಅಥವಾ ‘ಅಷ್ಟೇನಿಲ್ಲ’ ಅಂತ ಬಂದ್ರೆ ‘ಎ’ ತೆಗೀರಿ. ‘ಒಂದಷ್ಟು’, ‘ಒಂದ್ ನಾಲ್ಕು’, ‘ಒಂಚೂರು’ ಅಂತ ಬಂದ್ರೆ ‘ಎ’ ಇರಲೇಬೇಕು, ನೋಡಿ ಆ ‘ಒಂದು’ ಅಲ್ಲೇ ಕೂತಿದೆ, ಎ ಅಂದ್ರೂ ಒಂದೇ ತಾನೇ. ನೆನಪಿಟ್ಕೊಳ್ಳೋಕೆ ಇದಕ್ಕಿಂತ ಸುಲಭದ್ದು ನಂಗೆ ಸಿಕ್ಕಿಲ್ಲ. ಒಂಚೂರು ಸಕ್ಕರೆ ಹಾಕಿ, ‘ಎ ಲಿಟಲ್ ಶುಗರ್’. ಊರಲ್ಲಿ ಒಂದ್ ನಾಲ್ಕು ಜನ ಗೊತ್ತಿದಾರೆ, ‘ಐ ನೋ ಎ ಫ್ಯೂ ಪೀಪಲ್ ದೇರ್’. ಊರಲ್ಲಿ ಗೊತ್ತಿರೋರು ಅಷ್ಟೇನಿಲ್ಲ, ‘ಐ ನೋ ಫ್ಯೂ ಪೀಪಲ್ ದೇರ್’.

ಬರೀ ಫ್ಯೂ ಅನ್ನೋದು ‘ಇಲ್ಲ’ ಕಡೆ ಪದ ಅನ್ನೋದಕ್ಕೆ ಪುರಾವೆ ಬೇಕಾದ್ರೆ ಬಾಲಕ್ಕೆ ಬರೋ ಪ್ರಶ್ನೆ ನೋಡಿ. ‘ಹೀ ಡಸ್ ನಾಟ್ ಕಮ್, ಡಸ್ ಹೀ?’ ಅಂತೀವಲ್ಲ, ವಾಕ್ಯದಲ್ಲಿ ನಾಟ್ ಇದ್ರೆ ಬಾಲದಲ್ಲಿ ನಾಟ್ ಇರಲ್ಲ. ‘ಫ್ಯೂ ಪೀಪಲ್ ನೋ ದಿಸ್’ ಅನ್ನೋದಕ್ಕೆ ಬಾಲ ‘ಡು ದೇ?’, ನಾಟ್ ಎಲ್ಲೂ ಕಾಣದಿದ್ರೂ ಇದೆ ಅಂತಾನೇ ಲೆಕ್ಕ. ‘ಎ ಫ್ಯೂ ಪೀಪಲ್ ನೋ ದಿಸ್’ ಅಂದ್ರೆ ‘ಡೋಂಟ್ ದೇ?’. ಅಂದ್ರೆ ಬರೀ ಫ್ಯೂ ಹೊಟ್ಟೆಯೊಳಗೇ ಒಂದು ‘ಇಲ್ಲ’ ಇಟ್ಕೊಂಡಿದೆ.

ಮಚ್ ಮತ್ತು ಮೆನಿ ಬಗ್ಗೆ ಹೆಚ್ಚು ಹೇಳೋದಿಲ್ಲ, ಅಲ್ಲಿ ಅರ್ಥ ಕೆಡಲ್ಲ, ಬರೀ ಕಿವಿಗೆ ಒರಟಾಗಿ ಕೇಳ್ಸತ್ತೆ. ಮಚ್ ಪ್ರಶ್ನೆಲೂ ‘ನಾಟ್’ ಇರೋ ವಾಕ್ಯದಲ್ಲೂ ಚೆನ್ನಾಗಿ ಕೂರತ್ತೆ. ‘ಈಸ್ ದೇರ್ ಮಚ್ ಟ್ರಾಫಿಕ್?’ ‘ನೋ, ನಾಟ್ ಮಚ್.’ ಆದ್ರೆ ಹೌದು ಅನ್ನೋ ವಾಕ್ಯದಲ್ಲಿ ‘ದೇರ್ ಈಸ್ ಮಚ್ ಟ್ರಾಫಿಕ್’ ಅಂದ್ರೆ ಗ್ರಾಮರ್ ತಪ್ಪಲ್ಲ, ಆದ್ರೆ ಯಾರೂ ಹಂಗೆ ಮಾತಾಡಲ್ಲ, ‘ಎ ಲಾಟ್ ಆಫ್ ಟ್ರಾಫಿಕ್’ ಅಂತಾರೆ. ಮುಂದೆ ಟೂ, ಸೋ ಬಂದ್ರೆ ಮತ್ತೆ ಮಚ್ ಸರಿಹೋಗತ್ತೆ, ಸಿಲ್ಕ್ ಬೋರ್ಡ್ ಹತ್ರ ನಿಂತಿದ್ರೆ ‘ಸೋ ಮಚ್ ಟ್ರಾಫಿಕ್’ ಅಂತ ಧಾರಾಳವಾಗಿ ಅನ್ಬಹುದು. ಟೂ ಮಚ್ ಅಂದ್ರೆ ಬರೀ ಜಾಸ್ತಿ ಅಲ್ಲ, ಬೇಕಾದ್ದಕ್ಕಿಂತ ಜಾಸ್ತಿ, ಅದೊಂದು ನೆನಪಿರಲಿ. ಮೆನಿಗೆ ಈ ತೊಂದರೆ ಅಷ್ಟಿಲ್ಲ, ‘ಮೆನಿ ಪೀಪಲ್ ಕೇಮ್’ ಅಂದ್ರೆ ನಡೆಯತ್ತೆ.

ಈಗ ಒಂದು ನಿಜವಾದ ಕೇಸ್. ಚಿಕ್ಕಪ್ಪನ ಮಗಳು ತುಮಕೂರಿಂದ ಬಂದು ವಿಜಯನಗರದಲ್ಲಿ ಪಿಜಿಲಿದಾಳೆ, ಬಿಕಾಂ ಮುಗ್ಸಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಕೊಡ್ತಿದಾಳೆ. ಭಾನುವಾರ ಮನೆಗೆ ಬಂದು ‘ಅಣ್ಣಾ, ಇದನ್ನ ಒಂದ್ಸಲ ನೋಡು’ ಅಂತ ಸೆಲ್ಫ್ ಇಂಟ್ರೊಡಕ್ಷನ್ ಬರ್ದಿರೋ ಹಾಳೆ ಕೊಟ್ಲು. ಓದ್ತಾ ಹೋದೆ.

‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್ ಇನ್ ಎಕ್ಸೆಲ್.’ ನಾನು ಕೇಳ್ದೆ, ಎಕ್ಸೆಲ್ ಬರತ್ತಾ ಬರಲ್ವಾ? ‘ಬರತ್ತೆ ಅಣ್ಣ, ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಿದೀನಲ್ಲ’ ಅಂದ್ಲು. ಹಾಗಾದ್ರೆ ಈ ಹಾಳೆಲಿ ನೀನು ಬರಲ್ಲ ಅಂತ ಬರ್ದಿದೀಯಾ ಅಂದೆ. ಎಕ್ಸೆಲಲ್ಲಿ ಅನುಭವ ಅಷ್ಟೇನಿಲ್ಲ ಅಂತ ತನ್ನ ಬಾಯಲ್ಲೇ ಹೇಳ್ಕೊಂಡಂಗಾಯ್ತು. ‘ಎ ಲಿಟಲ್ ಎಕ್ಸ್‌ಪೀರಿಯನ್ಸ್’ ಅಂತ ತಿದ್ದಿದ್ವಿ, ಆಮೇಲೆ ಅದನ್ನೂ ಹೊಡೆದು ‘ಸಮ್ ಎಕ್ಸ್‌ಪೀರಿಯನ್ಸ್’ ಮಾಡಿದ್ವಿ, ಯಾಕಂದ್ರೆ ಎ ಲಿಟಲ್ ಸರಿ ಆದ್ರೂ ಒಂಚೂರು ಅನ್ನೋ ಸಂಕೋಚದ ದನಿ ಅದ್ರಲ್ಲಿದೆ, ಕೆಲಸ ಕೇಳುವಾಗ ಅಷ್ಟೊಂದು ವಿನಯ ಯಾಕೆ. ಎಕ್ಸ್‌ಪೀರಿಯನ್ಸ್ ಪದದಲ್ಲೂ ಒಂದು ತಿರುವಿದೆ, ಕೆಲಸದ ಅನುಭವ ಅಂದಾಗ ಅದನ್ನ ಎಣಿಸಲ್ಲ, ಜೀವನದಲ್ಲಿ ಆದ ಅನುಭವಗಳು ಅಂದಾಗ ಎಣಿಸ್ತಾರೆ, ಆಗ ಮೆನಿ ಎಕ್ಸ್‌ಪೀರಿಯನ್ಸಸ್ ಅನ್ಬಹುದು.

ಮುಂದಿನ ಲೈನು, ‘ಐ ಡಿಡ್ ಫ್ಯೂ ಪ್ರಾಜೆಕ್ಟ್ಸ್ ಇನ್ ಕಾಲೇಜ್.’ ಅವಳು ಮಾಡಿರೋದು ಮೂರು, ಹೆಮ್ಮೆಯಿಂದ ಹೇಳ್ಕೊಳ್ಳೋ ವಿಷಯ. ‘ನೇ’ ಸೇರಿಸಿ ನೋಡು ಅಂದೆ. ‘ಕಾಲೇಜಲ್ಲಿ ಸ್ವಲ್ಪನೇ ಪ್ರಾಜೆಕ್ಟ್ ಮಾಡಿರೋದು’ ಅಂತ ಓದಿ ಅವಳೇ ನಾಲಿಗೆ ಕಚ್ಕೊಂಡ್ಲು. ‘ಎ ಫ್ಯೂ ಪ್ರಾಜೆಕ್ಟ್ಸ್’ ಆಯ್ತು. ನನ್ನ ಕೇಳಿದ್ರೆ ಇಂಥ ಕಡೆ ‘ತ್ರೀ ಪ್ರಾಜೆಕ್ಟ್ಸ್’ ಅನ್ನೋದೇ ವಾಸಿ, ಸಂಖ್ಯೆ ಗೊತ್ತಿದ್ದಾಗ ಸಂಖ್ಯೆನೇ ಹೇಳೋದು.

ಮೂರನೇದು ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಇನ್ ಬ್ಯಾಂಗಲೋರ್.’ ನಾನು ಪೆನ್ ಎತ್ತಿ ‘ಎ’ ಸೇರಿಸೋಕೆ ಹೋದೆ, ಅವಳು ತಡೆದ್ಲು. ‘ಇಲ್ಲ ಅಣ್ಣ, ಅದು ಸರಿಯಾಗೇ ಇದೆ. ನಂಗಿಲ್ಲಿ ಫ್ರೆಂಡ್ಸೇ ಇಲ್ಲ, ರೂಮ್‌ಮೇಟ್ ಒಬ್ಳು, ನೀನು ಒಬ್ಬ.’ ಸರಿ, ಅದನ್ನ ಹಂಗೇ ಬಿಟ್ಟೆ. ಇಂಟರ್‌ವ್ಯೂಲಿ ಇದನ್ನ ಯಾಕೆ ಹೇಳ್ಬೇಕು ಅನ್ನೋದು ಬೇರೆ ಮಾತು, ಆಮೇಲೆ ಆ ಲೈನೇ ತೆಗ್ಸಿದೆ. ಆದ್ರೆ ಅವಳು ತಡೆದಿದ್ದು ನೋಡಿ ವಿಷಯ ತಲೆಗೆ ಹೋಗಿದೆ ಅಂತ ಗೊತ್ತಾಯ್ತು, ವಾಕ್ಯ ಸರಿನಾ ತಪ್ಪಾ ಅನ್ನೋದು ವಾಕ್ಯ ನೋಡಿ ಹೇಳೋಕಾಗಲ್ಲ, ಹೇಳೋನ ಮನಸ್ಸಲ್ಲಿ ಏನಿದೆ ಅಂತ ಕೇಳಿದ್ಮೇಲೇ ಹೇಳ್ಬೇಕು.

ಇನ್ನೆರಡು ಸಣ್ಣವು. ‘ಐ ಹ್ಯಾವ್ ಮೆನಿ ಇನ್‌ಫರ್ಮೇಷನ್ಸ್ ಅಬೌಟ್ ಯುವರ್ ಕಂಪನಿ’ ಅನ್ನೋದು ‘ಐ ಹ್ಯಾವ್ ರೆಡ್ ಎ ಲಾಟ್ ಅಬೌಟ್ ಯುವರ್ ಕಂಪನಿ’ ಆಯ್ತು. ಕೊನೇಲಿ ಕೇಳೋಕಿಟ್ಕೊಂಡಿದ್ದ ‘ಹೌ ಮಚ್ ಮೆಂಬರ್ಸ್ ಇನ್ ದ ಟೀಮ್?’ ಅನ್ನೋದು ‘ಹೌ ಮೆನಿ ಪೀಪಲ್ ಆರ್ ದೇರ್ ಇನ್ ದ ಟೀಮ್?’ ಆಯ್ತು.

ಮಾತಾಡುವಾಗ ಇನ್ನೊಂದು ತೊಂದರೆ ಇದೆ, ಈ ‘ಎ’ ಕಿವಿಗೆ ಬೀಳಲ್ಲ. ನಾವು ಬರೆಯೋದು ಎ, ಆದ್ರೆ ಇಂಗ್ಲಿಷಿನವರು ಅನ್ನೋದು ಮೆತ್ತಗಿನ ‘ಅ’, ಅದೂ ಹಿಂದಿನ ಪದಕ್ಕೆ ಅಂಟಿಕೊಂಡಿರತ್ತೆ, ‘ಹ್ಯಾವ್ ಎ ಫ್ಯೂ’ ಅನ್ನೋದು ‘ಹ್ಯಾವಫ್ಯೂ’ ಅಂತ ಹಾರಿಹೋಗತ್ತೆ. ಹಾಗಾಗಿ ಫೋನ್ ಕಾಲಲ್ಲಿ ಕೇಳಿಸ್ಕೊಳ್ಳುವಾಗ ನಮಗೆ ಬರೀ ಫ್ಯೂ ಕೇಳ್ಸತ್ತೆ, ಅದನ್ನೇ ಕಲಿತು ನಾವೂ ಬರೀ ಫ್ಯೂ ಅಂತೀವಿ. ಒಂದು ಸಮಾಧಾನ ಏನಂದ್ರೆ ಮಾತಲ್ಲಿ ಬರೀ ಫ್ಯೂ, ಬರೀ ಲಿಟಲ್ ಅಂತ ಅವರೂ ಅಪರೂಪಕ್ಕೇ ಅನ್ನೋದು, ಅದು ಬರವಣಿಗೆಯ ಗಾಂಭೀರ್ಯದ್ದು. ಕಮ್ಮಿ ಅಂತ ಹೇಳ್ಬೇಕಾದ್ರೆ ‘ನಾಟ್ ಮೆನಿ’, ‘ನಾಟ್ ಮಚ್’, ಇಲ್ಲಾಂದ್ರೆ ‘ವೆರಿ ಫ್ಯೂ’, ‘ವೆರಿ ಲಿಟಲ್’ ಅಂತಾರೆ. ನೀವೂ ಹಾಗೇ ಮಾಡಿ. ಮಾತಲ್ಲಿ ಫ್ಯೂ ಬಾಯಿಗೆ ಬಂದಾಗ ‘ಎ’ ಹಾಕಿ, ಕಮ್ಮಿ ಅನ್ಬೇಕಾದ್ರೆ ‘ವೆರಿ’ ಹಾಕಿ, ಮುಂದೆ ಏನೂ ಇಲ್ಲದ ಬೋಳು ಫ್ಯೂ ಬಿಡೋಕೆ ಹೋಗ್ಬೇಡಿ, ಆಗ ಕೇಳೋರು ತಪ್ಪು ತಿಳ್ಕೊಳ್ಳೋ ಛಾನ್ಸೇ ಇರಲ್ಲ.

ಲಿಟಲ್‌ಗೆ ಪುಟ್ಟ ಅನ್ನೋ ಅರ್ಥನೂ ಇದೆ, ಅದು ಬೇರೆ ಸಂಸಾರ. ‘ಎ ಲಿಟಲ್ ಡಾಗ್’ ಅಂದ್ರೆ ಸ್ವಲ್ಪ ನಾಯಿ ಅಲ್ಲ, ಪುಟ್ಟ ನಾಯಿ. ಎಣಿಸೋ ಪದದ ಮುಂದೆ ಲಿಟಲ್ ಕಂಡ್ರೆ ಅದು ಸೈಜಿನ ಮಾತು. ‘ಎ ಲಿಟಲ್ ಚಿಕನ್’ ಅಂದಾಗ ತಟ್ಟೆಲಿದ್ರೆ ಒಂಚೂರು ಚಿಕನ್ನು, ಅಂಗಳದಲ್ಲಿ ಓಡಾಡ್ತಿದ್ರೆ ಪುಟ್ಟ ಕೋಳಿ.

ಮುಂದೆ ಬಂದು ಅರ್ಥ ತಿರುಗಿಸೋ ಪದಗಳು ಎರಡಿವೆ, ಓನ್ಲಿ ಮತ್ತು ಕ್ವೈಟ್. ‘ಓನ್ಲಿ ಎ ಫ್ಯೂ’ ಅಂದ್ರೆ ‘ಎ’ ಇದ್ರೂ ಕಮ್ಮಿ ಅಂತಾನೇ, ಓನ್ಲಿ ಅಂದ್ರೆ ನಮ್ಮ ‘ನೇ’ ಅಲ್ವಾ. ‘ಕ್ವೈಟ್ ಎ ಫ್ಯೂ’ ಇನ್ನೂ ವಿಚಿತ್ರ, ನೋಡೋಕೆ ಕಮ್ಮಿ ಅನ್ನೋ ಥರ ಇದ್ರೂ ಅರ್ಥ ಸುಮಾರು ಇದೆ, ಬೇಕಾದಷ್ಟಿದೆ ಅಂತ. ಮ್ಯಾನೇಜರ್ ‘ಕ್ವೈಟ್ ಎ ಫ್ಯೂ ಬಗ್ಸ್’ ಅಂದ್ರೆ ಖುಷಿಪಡ್ಬೇಡಿ, ಶನಿವಾರ ಆಫೀಸಿಗೆ ಬರ್ಬೇಕಾಗತ್ತೆ.

ತಂಗಿ ಇಂಟರ್‌ವ್ಯೂ ಮುಗಿಸಿ ಮೆಟ್ರೋಲಿ ಕೂತು ಮೆಸೇಜ್ ಹಾಕಿದ್ಲು, ‘ದೇ ಆಸ್ಕ್ಡ್ ಫ್ಯೂ ಕ್ವೆಶ್ಚನ್ಸ್’ ಅಂತ. ನಾನು ತಕ್ಷಣ ‘ಎ’ ಮರ್ತೆಯಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ತೋರಿಸ್ತಿತ್ತು, ಆಮೇಲೆ ಕನ್ನಡದಲ್ಲೇ ಬಂತು, ‘ಮರ್ತಿಲ್ಲ ಅಣ್ಣ, ಎರಡೇ ಕೇಳಿ ಕಳ್ಸಿಬಿಟ್ರು.’